ತಿದ್ದುಪಡಿ ತಲೆಯ ಮೇಲೆ: ಶಿರಸಿ ಸೀಮೆಯ ಸುದ್ದಿತಾಣ ನಡೆಸಿದ ನನ್ನ ಅನುಭವ

"ತಿದ್ದುಪಡಿಯನ್ನು ಸುದ್ದಿಯ ತಲೆಯ ಮೇಲೇ ಹಾಕಿದರೆ ಜನ ನಂಬೋದನ್ನೇ ಬಿಡ್ತಾರೆ, ಜಾಹೀರಾತು ಕೊಡೋರೂ ಹಿಂದೆ ಸರೀತಾರೆ." ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಸುದ್ದಿಗೆ ಅಂತಲೇ ತಾಣ ಶುರು ಮಾಡಿದಾಗ ಪತ್ರಿಕೆಯಲ್ಲಿ ಪಳಗಿದ ಗೆಳೆಯರು ಹೇಳಿದ್ದು ಇದನ್ನೇ. ಈಗ ನಾಲ್ಕು ವರ್ಷದ ಮೇಲಾಯಿತು. ತಾಣ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತಿದೆ. ಅಂದು ಬೇಡ ಅಂದವರಲ್ಲಿ ಇಬ್ಬರು ಈಚೆಗೆ ನಮ್ಮ ತಿದ್ದುಪಡಿ ಕ್ರಮವನ್ನೇ ಕೇಳಿ ಬರೆದುಕೊಂಡು ಹೋದರು. ಹಾಗಾಗಿ ಇದನ್ನು ಬರೆಯುವ ಧೈರ್ಯ ಬಂದಿದೆ. ವರ್ಡ್‌ಪ್ರೆಸ್ ಹಾಕುವುದು, ಥೀಮ್ ಆರಿಸುವುದು ನಿಮಗೆ ಗೊತ್ತಿದ್ದದ್ದೇ, ಅದನ್ನು ಬಿಡ್ತೀನಿ.

ಮೊದಲು ವಿಭಾಗಗಳ ವಿಷಯ. ಶುರುವಿನಲ್ಲಿ ಪತ್ರಿಕೆಗಳನ್ನು ನೋಡಿಕೊಂಡು ರಾಜ್ಯ, ದೇಶ, ಕ್ರೀಡೆ, ಸಿನಿಮಾ, ಆರೋಗ್ಯ ಅಂತ ಹನ್ನೆರಡೋ ಹದಿಮೂರೋ ವಿಭಾಗ ಮಾಡಿದ್ದೆವು. ಆರು ತಿಂಗಳು ಅದಕ್ಕೆ ತುಂಬಿಸುವುದರಲ್ಲೇ ಹೋಯಿತು. ಬೆಂಗಳೂರಿನ ಸುದ್ದಿ ಓದುವವನು ನಮ್ಮ ಹತ್ತಿರ ಯಾಕೆ ಬರ್ತಾನೆ ಹೇಳಿ? ಆ ವರ್ಷ ಸರ್ವರ್, ಡೊಮೈನ್, ಬೈಕಿನ ಪೆಟ್ರೋಲ್, ಫೋನ್ ಎಲ್ಲ ಸೇರಿ 40 ಸಾವಿರದ ಹತ್ತಿರ ಕೈಯಿಂದ ಹೋಯಿತು. ತಾನಾಗಿ ಬರುವ ಆನ್‌ಲೈನ್ ಜಾಹೀರಾತಿನಿಂದ ಬಂದದ್ದು ಅದರಲ್ಲಿ ಪೆಟ್ರೋಲಿಗೂ ಸಾಲಲಿಲ್ಲ.

ಆಮೇಲೆ ಯೋಚನೆಯ ದಾರಿಯನ್ನೇ ಬದಲಿಸಿದೆವು. ಸುದ್ದಿ ಯಾವ ಜಾತಿಯದ್ದು ಅಂತ ನೋಡುವುದನ್ನು ಬಿಟ್ಟು, ಯಾರು ಯಾವ ಹೊತ್ತಿಗೆ ಇದನ್ನು ಹುಡುಕಿಕೊಂಡು ಬರ್ತಾರೆ ಅಂತ ಕೇಳಿಕೊಂಡೆವು. ಉಳಿದದ್ದು ಆರೇ ವಿಭಾಗ. ಧಾರಣೆ, ಕರೆಂಟ್-ನೀರು-ರಸ್ತೆ, ನಿಧನ, ಪಂಚಾಯ್ತಿ-ಕಚೇರಿ, ಆಟ-ಕಾರ್ಯಕ್ರಮ, ತಿದ್ದುಪಡಿ. ಧಾರಣೆ ಅಂದರೆ ಮಾರುಕಟ್ಟೆಯಲ್ಲಿ ಅಡಿಕೆಯ ಆ ದಿನದ ದರ, ಆಟ ಅಂದರೆ ನಮ್ಮಲ್ಲಿ ಯಕ್ಷಗಾನ, ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸುದ್ದಿಗೆ ಒಂದೇ ವಿಭಾಗ. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ಕುಮಟಾ ಬಸ್ಸು ನಿಂತರೆ ಅದು ರಸ್ತೆ ಸುದ್ದಿ, ಅಷ್ಟೇ. ಅಲ್ಲಿಗೆ ಶಾಸಕರು ಬಂದು ನೋಡಿದರೂ ವಿಭಾಗ ಬದಲಾಗುವುದಿಲ್ಲ.

ಎರಡು ವಿಭಾಗದಲ್ಲಿ ಒಂದೇ ಸುದ್ದಿ ಬೇಡ ಅಂತ ಹಟ ಹಿಡಿದದ್ದಕ್ಕೆ ಕಾರಣ ಇದೆ. ತಿದ್ದುಪಡಿ ಬಂದಾಗ ಅದು ಎಲ್ಲಿ, ಯಾರಿಗೆ ತಲುಪಬೇಕು ಅನ್ನುವುದು ವಿಭಾಗ ನೋಡಿದರೇ ಗೊತ್ತಾಗಬೇಕು. ಕೆಳಗೆ ಧಾರಣೆಯ ಪ್ರಸಂಗದಲ್ಲಿ ಇದು ಸರಿಯಾಗಿ ಕಾಣುತ್ತದೆ.

ಪುಟದ ವಿಳಾಸದಲ್ಲಿ ನಮ್ಮ ಒಂದು ವರ್ಷವೇ ಹಾಳಾಯಿತು. ಕನ್ನಡ ಶೀರ್ಷಿಕೆ ಹಾಗೇ ವಿಳಾಸವಾಗಲಿ ಅಂತ ಬಿಟ್ಟಿದ್ದೆವು. ವರ್ಡ್‌ಪ್ರೆಸ್ ವಿಳಾಸದ ಆ ಭಾಗಕ್ಕೆ ಇಡುವ ಜಾಗ 200 ಅಕ್ಷರ. ಕನ್ನಡದ ಒಂದು ಅಕ್ಷರ ಅಲ್ಲಿ `%E0%B2%95` ಅಂತ ಒಂಬತ್ತು ಅಕ್ಷರ ತಿನ್ನುತ್ತದೆ. ಕೊಂಬು, ದೀರ್ಘ, ಒತ್ತಿಗೂ ಲೆಕ್ಕ ಬೇರೆ. ಅಲ್ಲಿಗೆ ಇಪ್ಪತ್ತೆರಡು ಚಿಹ್ನೆಗೆ ಕತ್ತರಿ. ನಮ್ಮ ಧಾರಣೆ ಸುದ್ದಿಯ ಶೀರ್ಷಿಕೆ ದಿನಾ "ಶಿರಸಿ ಅಡಿಕೆ ಮಾರುಕಟ್ಟೆ ಧಾರಣೆ" ಅಂತಲೇ ಶುರು. ದಿನಾಂಕ ಬರುವ ಮೊದಲೇ ಕತ್ತರಿ ಬೀಳುತ್ತಿತ್ತು. ಎಲ್ಲ ದಿನದ ವಿಳಾಸವೂ ಒಂದೇ ಆಗಿ ಹಿಂದೆ 2, 3, 4 ಅಂತ ಅಂಕಿ ಅಂಟಿಕೊಳ್ಳುತ್ತಿತ್ತು. ವಾಟ್ಸಾಪಿನಲ್ಲಿ ಯಾವುದು ನಿನ್ನೆಯದು, ಯಾವುದು ಇವತ್ತಿನದು ಅಂತ ಗೊತ್ತೇ ಆಗುತ್ತಿರಲಿಲ್ಲ. ಈಗ ವಿಳಾಸವನ್ನು ಕೈಯಲ್ಲೇ ಹೊಡೆಯುತ್ತೇವೆ:

```
sirsi-adike-dharane-2024-08-12
```

ಹಳೆಯ ದರವನ್ನು ಇವತ್ತಿನದು ಅಂತ ಯಾರೋ ಹಂಚಿ, ನಮಗೆ ಬರುತ್ತಿದ್ದ ಬೈಗುಳ ಇದೊಂದರಿಂದಲೇ ಮುಕ್ಕಾಲು ಪಾಲು ನಿಂತಿತು.

ಇನ್ನು ದಿನಚರಿ. ಬೆಳಿಗ್ಗೆ ಆರೂವರೆಗೆ ಕರೆಂಟ್-ನೀರು-ರಸ್ತೆ. ಮಾರುಕಟ್ಟೆಯಲ್ಲಿ ಅಡಿಕೆಯ ಟೆಂಡರ್ ಮುಗಿದು ದರದ ಪಟ್ಟಿ ಕೈಗೆ ಬಂದ ಮೇಲೆ ಸಂಜೆ ಐದೂವರೆ ಒಳಗೆ ಧಾರಣೆ. ರಾತ್ರಿ ಎಂಟಕ್ಕೆ ದಿನದ ಎಲ್ಲವನ್ನೂ ಸೇರಿಸಿ ಒಂದೇ ಸಂದೇಶ. ಸುದ್ದಿ ಇಲ್ಲದ ದಿನವೂ ಆ ಹೊತ್ತು ತಪ್ಪಿಸುವುದಿಲ್ಲ. "ಇಂದು ಮಾರುಕಟ್ಟೆಗೆ ರಜೆ, ಧಾರಣೆ ಇಲ್ಲ" ಅನ್ನುವುದೂ ನಮಗೆ ಸುದ್ದಿಯೇ. ಇದನ್ನು ಹಾಕದೇ ಹೋದರೆ ಐದೂವರೆಯಿಂದ ಆರೂವರೆವರೆಗೆ ಫೋನ್ ಕೆಳಗಿಡುವ ಹಾಗಿಲ್ಲ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ ಅನ್ನುವ ದಿನಗಳಿಗೆ ಬೇರೆ ಏರ್ಪಾಡಿದೆ. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಗೆ ಲ್ಯಾಂಡ್‌ಲೈನಿನಲ್ಲಿ ಅಂಕಿ ಓದಿ ಹೇಳುತ್ತೇನೆ, ಅವಳು ಅಲ್ಲಿಂದ ಹಾಕುತ್ತಾಳೆ. ಓದಿದ್ದನ್ನು ಅವಳು ತಿರುಗಿ ಓದಬೇಕು, ಅದು ಕಡ್ಡಾಯ. ಮಾರುಕಟ್ಟೆಯ ಪಟ್ಟಿ ಬೇರೆಯವರಿಗಿಂತ ಅರ್ಧ ಗಂಟೆ ಮೊದಲು ನಮಗೆ ಹೇಗೆ ಸಿಗುತ್ತದೆ ಅಂತ ಸುಮಾರು ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ಆ ಧಾರಣೆಯ ಪ್ರಸಂಗ. ರಾಶಿ ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ, ಚಾಲಿ ಅಂದರೆ ಸಿಪ್ಪೆ ಸಮೇತ ಒಣಗಿಸಿ ಸುಲಿದ ಬಿಳಿ ಅಡಿಕೆ. ಒಂದು ಸಂಜೆ ನಮಗೆ ಬಂದ ಪಟ್ಟಿಯಲ್ಲಿ ರಾಶಿಯ ಸಾಲೂ ಚಾಲಿಯ ಸಾಲೂ ಅದಲುಬದಲಾಗಿದ್ದವು. ಆಗ ರಾಶಿ ಕ್ವಿಂಟಲ್‌ಗೆ 46 ಸಾವಿರದ ಆಸುಪಾಸು, ಚಾಲಿ 36ರ ಆಸುಪಾಸು ಇದ್ದ ನೆನಪು. ಚಾಲಿಗೆ 46 ಅಂತ ಪ್ರಕಟವಾಯಿತು. ಮನೆಯಲ್ಲಿ ಹತ್ತು ಕ್ವಿಂಟಲ್ ಚಾಲಿ ಇಟ್ಟುಕೊಂಡವರಿಗೆ ಅದು ಒಂದು ಲಕ್ಷದ ವ್ಯತ್ಯಾಸ. ಬೆಳಿಗ್ಗೆ ಗಾಡಿ ಹೇಳಿ ಮಾಲು ತರುವವರಿದ್ದಾರೆ. ಅರ್ಧ ಗಂಟೆಯಲ್ಲಿ ಹುಲೇಕಲ್ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿ, "ತಮಾ, ಚಾಲಿಗೆ ಈ ರೇಟು ಎಲ್ಲಿ ಸಿಕ್ತು?" ಅಂದರು.

ಮಾರುಕಟ್ಟೆಯಲ್ಲಿ ಇಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಮಾಡಿದ ಮೊದಲ ಕೆಲಸ ಪುಟವನ್ನು ತಿದ್ದುವುದು. ಶೀರ್ಷಿಕೆಯ ಕೆಳಗೆ, ಮೊದಲ ಸಾಲಿಗೂ ಮೊದಲು, ಹೀಗೆ ಬರೆದೆವು: "ತಿದ್ದುಪಡಿ, ಸಂಜೆ 6.20: ಈ ಪಟ್ಟಿಯಲ್ಲಿ ರಾಶಿ ಮತ್ತು ಚಾಲಿ ದರ ಅದಲುಬದಲಾಗಿ ಪ್ರಕಟವಾಗಿತ್ತು. ಸರಿಯಾದ ದರ ಕೆಳಗಿದೆ." ಏನು ತಪ್ಪಿತ್ತು ಅಂತ ಹೇಳದೆ "ಪರಿಷ್ಕರಿಸಲಾಗಿದೆ" ಅಂತ ಮಾತ್ರ ಬರೆದರೆ, ಮೊದಲು ಓದಿದವನಿಗೆ ತಾನು ನಂಬಿದ್ದು ಸರಿಯೋ ತಪ್ಪೋ ಗೊತ್ತಾಗುವುದೇ ಇಲ್ಲ. ಆಮೇಲೆ ತಾಣ ಬೇಗ ತೋರಿಸಲು ಎತ್ತಿಟ್ಟುಕೊಂಡಿರುವ ಪುಟದ ಹಳೆಯ ಪ್ರತಿಯನ್ನು, ಅಂದರೆ ಕ್ಯಾಶನ್ನು, ಖಾಲಿ ಮಾಡಿದೆವು. ಇದನ್ನು ಮರೆತರೆ ನಿಮ್ಮ ಕಂಪ್ಯೂಟರಿನಲ್ಲಿ ಹೊಸದು, ಊರಿಗೆಲ್ಲ ಹಳೆಯದು. ಲಾಗಿನ್ ಆಗದ ಬೇರೆ ಫೋನಿನಲ್ಲಿ ಮೊಬೈಲ್ ಡೇಟಾ ಹಾಕಿ ತೆರೆದು ನೋಡಿದರೇ ಸತ್ಯ ಗೊತ್ತಾಗುವುದು.

ಕಷ್ಟ ಇರುವುದು ವಾಟ್ಸಾಪಿನಲ್ಲಿ. ಪುಟ ತಿದ್ದಿದರೂ, ಕಳಿಸುವಾಗ ಲಿಂಕಿನ ಜೊತೆ ಹೋದ ಶೀರ್ಷಿಕೆ ಬದಲಾಗುವುದಿಲ್ಲ. ಅದು ಕಳಿಸಿದವರ ಫೋನಿನಲ್ಲೇ ತಯಾರಾಗಿ ಹೋಗಿರುತ್ತದೆ. ಸಂದೇಶ ತಿದ್ದಲು ಸಿಗುವುದು ಹದಿನೈದೇ ನಿಮಿಷ. ಅಳಿಸಿದರೆ ನಾವು ಹಾಕಿದ ಸಂದೇಶ ಮಾತ್ರ ಹೋಗುತ್ತದೆ, ಮುಂದಕ್ಕೆ ದಾಟಿಸಿದ್ದು ಓಡಾಡುತ್ತಲೇ ಇರುತ್ತದೆ. ಅದಕ್ಕೇ ನಾವು ಅಳಿಸುವುದಿಲ್ಲ. ಹೋದ ಗುಂಪುಗಳಿಗೆಲ್ಲ, ಅದೇ ಹಳೆಯ ಸಂದೇಶಕ್ಕೆ ಉತ್ತರವಾಗಿ ತಿದ್ದುಪಡಿ ಹಾಕುತ್ತೇವೆ. ಲಿಂಕ್ ಒತ್ತದವರಿಗೂ ಸಿಗಲಿ ಅಂತ ಸರಿಯಾದ ದರವನ್ನು ಸಂದೇಶದಲ್ಲೇ ಬರೆಯುತ್ತೇವೆ. ಯಾವ ಗುಂಪಿಗೆ ಏನು ಹೋಯಿತು ಅನ್ನುವುದಕ್ಕೆ ಒಂದು ನೋಟ್‌ಬುಕ್ ಇದೆ. ಅದಿಲ್ಲದಿದ್ದರೆ ಈ ಕೆಲಸ ಆಗುವುದಿಲ್ಲ.

ಮರುದಿನ ಸಂಜೆ ಐದೂವರೆಯ ಧಾರಣೆಯ ಮೊದಲ ಸಾಲೇ ಹಿಂದಿನ ದಿನದ ತಿದ್ದುಪಡಿ. ಧಾರಣೆ ನೋಡುವವರು ದಿನಾ ಅದೇ ಜನ, ಅದೇ ಹೊತ್ತಿಗೆ ಬರುತ್ತಾರೆ. ತಪ್ಪು ಯಾವ ವಿಭಾಗದಲ್ಲಿ, ಯಾವ ಹೊತ್ತಿಗೆ ಹೋಗಿತ್ತೋ ತಿದ್ದುಪಡಿಯೂ ಅದೇ ವಿಭಾಗದಲ್ಲಿ, ಅದೇ ಹೊತ್ತಿಗೆ ಹೋಗಬೇಕು. ವಿಭಾಗ ಕಡಿಮೆ ಮಾಡಿದ್ದು, ಹೊತ್ತು ಕಟ್ಟುನಿಟ್ಟು ಮಾಡಿದ್ದು ಎರಡೂ ಕೆಲಸಕ್ಕೆ ಬಂದದ್ದು ಇಲ್ಲೇ. "ತಿದ್ದುಪಡಿ" ಅನ್ನುವ ಬೇರೆ ವಿಭಾಗವನ್ನು ಹುಡುಕಿಕೊಂಡು ಬರುವವರು ಬೆರಳೆಣಿಕೆಯಷ್ಟು. ಅದು ದಾಖಲೆಗೆ. ಜನರಿಗೆ ತಲುಪುವುದು ಈ ದಾರಿಯಲ್ಲಿ.

ಎಲ್ಲ ತಪ್ಪಿಗೂ ಇಷ್ಟು ಮಾಡುವುದಿಲ್ಲ. ಕಾಗುಣಿತವನ್ನು ಸುಮ್ನೆ ತಿದ್ದುತ್ತೇವೆ. ಹೆಸರು, ಅಂಕಿ, ದಿನ, ಜಾಗ ತಪ್ಪಿದರೆ ಮೇಲಿನ ಕ್ರಮ. ಸುದ್ದಿಯೇ ಸುಳ್ಳಾದರೆ ಪುಟವನ್ನು ಅಳಿಸದೆ, ಒಳಗಿನ ಬರಹ ತೆಗೆದು, ಯಾಕೆ ಹಿಂಪಡೆದೆವು ಅಂತ ಬರೆಯುತ್ತೇವೆ. ಪೊಲೀಸ್ ಕೇಸಿನಲ್ಲಿ ಹೆಸರು ಬಂದವರು ಖುಲಾಸೆಯಾಗಿ ಬಂದು "ತೆಗೀರಿ" ಅಂದರೆ ಆದೇಶದ ಪ್ರತಿ ನೋಡಿ, ಖುಲಾಸೆಯ ವಿಷಯವನ್ನು ಹಳೆಯ ಸುದ್ದಿಯ ಶೀರ್ಷಿಕೆಗೇ ಸೇರಿಸುತ್ತೇವೆ. ಒಂದೇ ಕಡೆ ಪೂರ್ತಿ ತೆಗೆಯುತ್ತೇವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಸಿಗುವ ಯಾವ ವಿವರ ನುಸುಳಿದ್ದರೂ, ಅಂದರೆ ಶಾಲೆ, ಕೇರಿ, ಅಪ್ಪನ ಹೆಸರು ಯಾವುದಾದರೂ, ತಕ್ಷಣ ಅಳಿಸುತ್ತೇವೆ. ಪೋಕ್ಸೋ ಕಾಯ್ದೆಯ 23ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ತಿದ್ದುಪಡಿಯ ಟಿಪ್ಪಣಿಯಲ್ಲೂ ಆ ವಿವರ ಬರಬಾರದು. ದೂರು ಬಂದರೆ 24 ಗಂಟೆಯೊಳಗೆ "ನಿಮ್ಮ ದೂರು ತಲುಪಿದೆ" ಅಂತ ತಿಳಿಸಿ, 15 ದಿನದೊಳಗೆ ತೀರ್ಮಾನ ಹೇಳುವುದು ನಮ್ಮ ಕ್ರಮ. 2021ರ ಐಟಿ ನಿಯಮಗಳಲ್ಲಿರುವ ಗಡುವೂ ಇದೇ.

ತಪ್ಪು ಹುಟ್ಟುವ ಜಾಗವನ್ನೂ ಹುಡುಕಿದೆವು. ನಮ್ಮ ಪಾಲಿಗೆ ಅದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟು. ಪತ್ರಿಕಾ ಪ್ರಕಟಣೆ ಆ ಫಾಂಟಿನಲ್ಲಿ ಬರುತ್ತದೆ, ತಾಣಕ್ಕೆ ಅಂಟಿಸಿದರೆ ಶಿರಸಿ ಅನ್ನುವುದು `²gÀ¹` ಅಂತ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. ಅಂಕಿ ಕನ್ನಡಕ್ಕೆ ತಿರುಗಿದರೆ ಮಾತ್ರ ಅಪಾಯ. ಸಣ್ಣ ಪರದೆಯಲ್ಲಿ ೧೬ ಮತ್ತು ೧೭ರ ವ್ಯತ್ಯಾಸ ವಯಸ್ಸಾದವರಿಗೆ ಕಾಣುವುದೇ ಇಲ್ಲ. ಕರೆಂಟ್ ಹೋಗುವ ದಿನಾಂಕವೇ ಹಾಗಾದರೆ ಮಿಲ್ಲಿನವರು ಬಿಡ್ತಾರಾ? ಈಗ ಎಲ್ಲ ಅಂಕಿಯೂ 0-9ರಲ್ಲೇ. ದಿನಾಂಕದ ಪಕ್ಕ ವಾರವನ್ನೂ ಬರೆಯುತ್ತೇವೆ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗದಿದ್ದರೆ ಪ್ರಕಟಿಸುವ ಮೊದಲೇ ಗೊತ್ತಾಗುತ್ತದೆ. ನಿಧನದ ಸುದ್ದಿಗೆ ಇನ್ನೊಂದು ತಾಳೆ ಇದೆ. ಅದನ್ನು ಬರೆದರೆ ಸುಳ್ಳು ಸುದ್ದಿ ಕಳಿಸುವವರಿಗೇ ದಾರಿ ತೋರಿಸಿದ ಹಾಗಾಗುತ್ತದೆ, ಬಿಡ್ತೀನಿ.

ನಡುವೆ ಒಂದು ಪ್ರಯೋಗ ಮಾಡಿದ್ದೆವು. ದಿನದ ಸುದ್ದಿಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಏಳೆಂಟು ಹಾಲಿನ ಡೈರಿಗಳಲ್ಲಿ ಅಂಟಿಸುವುದು. ಜನ ನಿಂತು ಓದುತ್ತಿದ್ದರು. ತಿಂಗಳಿಗೆ ಒಂದೂವರೆ ಸಾವಿರದಷ್ಟೇ ಖರ್ಚು. ಆದರೆ ತಿದ್ದುಪಡಿ ಬಂದಾಗ ಪ್ರತಿ ಡೈರಿಗೂ ಗಾಡಿ ಹೊಡೆದುಕೊಂಡು ಹೋಗಿ ಹಾಳೆ ಬದಲಿಸಬೇಕು. ಮಳೆಗಾಲದಲ್ಲಿ ಅದು ಆಗಲಿಲ್ಲ, ನಿಲ್ಲಿಸಿದೆವು. ತಿದ್ದಲಾಗದ ಜಾಗದಲ್ಲಿ ಅಂಕಿ ಹಾಕಬಾರದು ಅಂತ ಆಗಲೇ ತೀರ್ಮಾನಿಸಿದ್ದು. ಆಟದ ಪಟ್ಟಿ ಮಾತ್ರ ಈಗಲೂ ಅಂಟಿಸುತ್ತೇವೆ.

ಚಾಲಿಯ ಪ್ರಸಂಗ ಆದ ವಾರವೇ ನರ್ಸರಿಯವರೊಬ್ಬರು ಜಾಹೀರಾತು ಕೇಳಿಕೊಂಡು ಬಂದರು. "ನಿಮ್ಮಲ್ಲಿ ತಪ್ಪು ಬಂದ್ರೆ ರಾತ್ರಿಯೊಳಗೆ ಹೇಳ್ತೀರಿ, ಉಳಿದದ್ದನ್ನು ಕಣ್ಣುಮುಚ್ಚಿ ನಂಬಬಹುದಲ್ಲ" ಅಂದರು. ಈಗ ಧಾರಣೆ ಪುಟದಲ್ಲಿ ಗೊಬ್ಬರದಂಗಡಿ, ನರ್ಸರಿ, ಒಲೆ-ಡ್ರೈಯರ್‌ನವರು ಸರದಿಯಲ್ಲಿದ್ದಾರೆ. ತಿಂಗಳಿಗೆ 18ರಿಂದ 20 ಸಾವಿರ ಬರುತ್ತದೆ, ಅಡಿಕೆ ಕೊಯ್ಲಿನ ಹೊತ್ತಿಗೆ ಇನ್ನೂ ಸ್ವಲ್ಪ ಜಾಸ್ತಿ. ನಿಧನ ವಿಭಾಗದಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಜಾಹೀರಾತಿನಲ್ಲಿ ದರವೋ ಫೋನ್ ನಂಬರೋ ತಪ್ಪಿದ್ದರೆ ಅದಕ್ಕೂ ಇದೇ ಕ್ರಮ: ಅದೇ ಪುಟ, ಅದೇ ಹೊತ್ತು, ಅದೇ ಗುಂಪುಗಳು. ತಪ್ಪು ಅವರದ್ದೇ ಆಗಿದ್ದರೂ ತಿದ್ದುಪಡಿಗೆ ಬೇರೆ ದುಡ್ಡಿಲ್ಲ ಅಂತ ರಸೀದಿಯ ಹಿಂದೆಯೇ ಅಚ್ಚು ಹಾಕಿಸಿದ್ದೇವೆ.