ಕ್ರಿಯಾಪದಕ್ಕಿಂತ ಮೊದಲು ಬಂದದ್ದು ಫಾಇಲ್ ಅಲ್ಲ

ಅರಬಿ ವ್ಯಾಕರಣ ಕಲಿಯಲು ಕೂತಾಗ ನನ್ನ ಬಳಿ ಇದ್ದದ್ದು ಹೈಸ್ಕೂಲಿನ ಕನ್ನಡ ವ್ಯಾಕರಣ ಮಾತ್ರ. ಫಾಇಲ್ ಅಂದರೆ ಕರ್ತೃ, ಮಫ್‌ಊಲ್ ಅಂದರೆ ಕರ್ಮ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡೆ. ಮುಬ್ತದಾ, ಖಬರ್ ಕೂಡ ಕಷ್ಟ ಅನಿಸಲಿಲ್ಲ. 'ಅಲ್ ಬೈತು ಕಬೀರುನ್' ಅಂದರೆ 'ಮನೆ ದೊಡ್ಡದು'. ನಮ್ಮ ಹಾಗೆಯೇ ಅಲ್ಲೂ ಕ್ರಿಯಾಪದ ಬೇಕಿಲ್ಲ. ಯಾವುದರ ಬಗ್ಗೆ ಮಾತೋ ಅದು ಮುಬ್ತದಾ, ಅದರ ಬಗ್ಗೆ ಹೇಳಿದ್ದು ಖಬರ್.

ಎಡವಿದ್ದು 'ಅಲ್ ಔಲಾದು ಕತಬೂ' ಎಂಬ ಪುಟ್ಟ ವಾಕ್ಯದಲ್ಲಿ. 'ಹುಡುಗರು ಬರೆದರು' ಎಂದು ಅರ್ಥ. ಬರೆದವರು ಹುಡುಗರು, ಹಾಗಾಗಿ 'ಔಲಾದು' ಫಾಇಲ್ ಎಂದೆ. ಉಸ್ತಾದ್ ತಪ್ಪು ಎಂದು ಬೈಯಲಿಲ್ಲ. ಅದೇ ವಾಕ್ಯವನ್ನು ತಿರುಗಿಸಿ ಬರೆದರು: 'ಕತಬಲ್ ಔಲಾದು'. "ಈಗ ಕ್ರಿಯಾಪದ ನೋಡು, ಏನು ಬದಲಾಯ್ತು?" ಎಂದು ಕೇಳಿದರು.

ಹಿಂದೆ ಬಹುವಚನದ 'ಕತಬೂ' ಇತ್ತು. ಈಗ ಏಕವಚನದ 'ಕತಬ' ಆಗಿದೆ. ಕನ್ನಡದಲ್ಲಿ 'ಹುಡುಗರು ಬರೆದರು' ಅನ್ನಿ, 'ಬರೆದರು ಹುಡುಗರು' ಅನ್ನಿ, ಕ್ರಿಯಾಪದ ಹಾಗೇ ಇರುತ್ತದೆ. ಅರಬಿಯಲ್ಲಿ ಇರುವುದಿಲ್ಲ. ಕಾರಣ ಇಷ್ಟೇ: 'ಕತಬೂ'ವಿನ ಕೊನೆಯ ದೀರ್ಘ 'ಊ' ಸುಮ್ನೆ ಬಂದ ಪ್ರತ್ಯಯವಲ್ಲ. ಅದು 'ಅವರು' ಎಂಬ ಸರ್ವನಾಮ, ಅದೇ ಆ ಕ್ರಿಯಾಪದದ ಫಾಇಲ್. ಒಂದು ಕ್ರಿಯಾಪದಕ್ಕೆ ಒಂದೇ ಫಾಇಲ್. ಹಾಗಾಗಿ ಮೊದಲು ಕೂತ 'ಔಲಾದು' ಮುಬ್ತದಾ ಆಗುತ್ತದೆ, 'ಕತಬೂ' ಎಂಬ ಇಡೀ ವಾಕ್ಯ ಅದರ ಖಬರ್. 'ಹುಡುಗರ ವಿಷಯ ಹೇಳೋದಾದ್ರೆ, ಅವರು ಬರೆದರು' ಎಂಬಂತೆ. 'ಝೈದುನ್ ಕತಬ' ಎಂಬಲ್ಲೂ ಇದೇ ಲೆಕ್ಕ. ಅಲ್ಲಿ ಫಾಇಲ್ ಕಣ್ಣಿಗೆ ಕಾಣದು, ಕ್ರಿಯಾಪದದೊಳಗೆ ಅಡಗಿದ 'ಹುವ', ಅಂದರೆ 'ಅವನು'.

ಇದು ಇರಾಕಿನ ಬಸ್ರಾ ನಗರದ ಹಳೆಯ ವ್ಯಾಕರಣಕಾರರ ದಾರಿ. ಅಲ್ಲಿನದೇ ಇನ್ನೊಂದು ನಗರವಾದ ಕೂಫಾದವರು ಫಾಇಲ್ ಕ್ರಿಯಾಪದಕ್ಕಿಂತ ಮೊದಲೂ ಬರಬಹುದು ಎಂದಿದ್ದಾರೆ. ಪಾಠಗಳಲ್ಲಿ ಉಳಿದದ್ದು ಬಸ್ರಾದ್ದು. ಏಕವಚನ, ಬಹುವಚನದ ಈ ಬದಲಾವಣೆಯನ್ನು ಅದು ಚೆನ್ನಾಗಿ ವಿವರಿಸುತ್ತದೆ ಎಂದು ನನಗೂ ಅನಿಸುತ್ತದೆ.

ಆಮೇಲೆ 'ಕರ್ತೃ' ಎಂಬ ಪದವನ್ನು ನೋಟ್‌ಬುಕ್ಕಿನಿಂದ ಹೊಡೆದು ಹಾಕಿದೆ. 'ಮಾತ ಝೈದುನ್', ಅಂದರೆ 'ಝೈದ್ ಸತ್ತ'. ಅವನು ಏನೂ ಮಾಡಲಿಲ್ಲ, ಆದರೂ ಫಾಇಲ್. ಅರ್ಥಕ್ಕಿಂತ ಜಾಗ ಮತ್ತು ಕೊನೆಯ ಸ್ವರ ಮುಖ್ಯ ಎಂದು ಅಲ್ಲಿ ಗಟ್ಟಿಯಾಯಿತು.

ಈಗ ವಾಕ್ಯ ಬಿಡಿಸುವಾಗ ಮೊದಲು ಕ್ರಿಯಾಪದಕ್ಕೆ ಗೆರೆ ಎಳೆಯುತ್ತೇನೆ. ಅದರ ಮುಂಚೆ ಇರುವ ಯಾವುದನ್ನೂ ಫಾಇಲ್ ಎನ್ನುವುದಿಲ್ಲ. ನಂತರ ಬಂದ ನಾಮಪದಗಳ ಕೊನೆ ನೋಡುತ್ತೇನೆ. 'ಉ' ಇದ್ದರೆ ಫಾಇಲ್, 'ಅ' ಇದ್ದರೆ ಮಫ್‌ಊಲ್ ಇರಬಹುದು. ಇಲ್ಲಿ ಕನ್ನಡದ ವಿಭಕ್ತಿ ನಿಜಕ್ಕೂ ಕೈಹಿಡಿಯಿತು. 'ರಾಮನನ್ನು ಸೀತೆ ಕರೆದಳು' ಎಂದಾಗ ನಾವು ಯಾರೂ ಗಲಿಬಿಲಿಯಾಗುವುದಿಲ್ಲ, ಅಲ್ವಾ?

ಕುರ್‌ಆನಿನ 2ನೇ ಅಧ್ಯಾಯದ 124ನೇ ವಚನ ನೋಡಿ: 'ವ ಇದಿಬ್ತಲಾ ಇಬ್ರಾಹೀಮ ರಬ್ಬುಹು ಬಿ ಕಲಿಮಾತಿನ್'. ಕ್ರಿಯಾಪದ 'ಇಬ್ತಲಾ', ಪರೀಕ್ಷಿಸಿದನು. ಅದರ ಪಕ್ಕದಲ್ಲೇ ಇಬ್ರಾಹೀಮ್ ಇರುವುದರಿಂದ ಅವರೇ ಫಾಇಲ್ ಎಂದುಕೊಂಡರೆ, ಇಬ್ರಾಹೀಮರು ದೇವರನ್ನು ಪರೀಕ್ಷಿಸಿದರು ಎಂದಾಗಿಬಿಡುತ್ತದೆ. ಕೊನೆಯ ಸ್ವರ ನೋಡಿ. 'ಇಬ್ರಾಹೀಮ' ಎಂದು 'ಅ'ದಲ್ಲಿ ಮುಗಿದಿದೆ, ಅದು ಮಫ್‌ಊಲ್. 'ರಬ್ಬು' ಫಾಇಲ್, ಅದಕ್ಕೆ ಅಂಟಿದ 'ಹು' ಅಂದರೆ 'ಅವನ'. ಇಬ್ರಾಹೀಮರನ್ನು ಅವರ ಒಡೆಯನು ಕೆಲವು ಮಾತುಗಳಿಂದ ಪರೀಕ್ಷಿಸಿದನು. ಇಲ್ಲಿ ಮಫ್‌ಊಲ್ ಫಾಇಲ್‌ಗಿಂತ ಮೊದಲು ಬರಲೇಬೇಕಿತ್ತು. 'ಹು' ಯಾರನ್ನು ತೋರಿಸುತ್ತದೋ ಆ ಹೆಸರು ಮೊದಲು ಬರಬೇಕು ಎಂಬುದು ನಿಯಮ.

ಆದರೆ ಎಲ್ಲ ಹೆಸರಿನ ಕೊನೆಯೂ ಬದಲಾಗುವುದಿಲ್ಲ. 'ಳರಬ ಮೂಸಾ ಈಸಾ' ಎಂಬಲ್ಲಿ ಯಾರು ಯಾರಿಗೆ ಹೊಡೆದರು? ಎರಡೂ ಹೆಸರು 'ಆ' ಎಂದೇ ಮುಗಿಯುತ್ತವೆ. ಆಗ ಮೊದಲು ಬಂದವನೇ ಫಾಇಲ್, ಮೂಸಾ ಹೊಡೆದವನು. ಅದೇ 'ಅಕಲಲ್ ಕುಮ್ಮಥ್ರಾ ಮೂಸಾ' ಎಂಬಲ್ಲಿ ಕುಮ್ಮಥ್ರಾ ಮೊದಲು ಬಂದಿದೆ, ಆದರೂ ಅದು ಮಫ್‌ಊಲ್. ಕುಮ್ಮಥ್ರಾ ಅಂದರೆ ಪೇರ್ ಹಣ್ಣು. ಹಣ್ಣು ಮೂಸಾನನ್ನು ತಿನ್ನುವುದಿಲ್ಲವಲ್ಲ.