ಎಫ್‌ಡಿ ಮೇಲೆ ಸಾಲ: ‘ಒಂದೇ ಪರ್ಸೆಂಟ್’ ಲೆಕ್ಕದ ಒಳಗುಟ್ಟು

ಬ್ಯಾಂಕಿನ ಕೌಂಟರಿನಲ್ಲಿ ಕೂತಷ್ಟೂ ವರ್ಷ ಒಂದು ಮಾತನ್ನು ದಿನಕ್ಕೊಮ್ಮೆಯಾದರೂ ಹೇಳಿದ್ದೇನೆ: ‘ಎಫ್‌ಡಿ ಯಾಕೆ ಮುರೀತೀರಿ? ಅದರ ಮೇಲೇ ಸಾಲ ತಗೊಳ್ಳಿ, ಖರ್ಚು ಬರೀ ಒಂದು ಪರ್ಸೆಂಟ್.’ ಈಗ ನಿವೃತ್ತನಾಗಿದ್ದೇನೆ, ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಆ ಮಾತು ಕೆಲವರಿಗೆ ಪೂರ್ತಿ ನಿಜ, ಕೆಲವರಿಗೆ ಕಾಲು ಭಾಗವೂ ನಿಜವಲ್ಲ. ಯಾರಿಗೆ ಎಷ್ಟು ನಿಜ ಎಂದು ನೋಡದೆ ಸಹಿ ಹಾಕಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಸಾಲ ತೆಗೆಯುವುದು ಲಾಭವಿದ್ದಾಗ ಮುರಿದವರನ್ನೂ, ಮುರಿಯುವುದು ಲಾಭವಿದ್ದಾಗ ಸಾಲ ಮಾಡಿದವರನ್ನೂ.

ಮೊನ್ನೆ ಎದುರುಮನೆಯ ಲೆಕ್ಚರರ್ ಮೇಡಂ ರಸೀದಿ ಹಿಡಿದು ಬಂದರು. ಮಗಳ ಕಾಲೇಜಿಗೆ 3 ಲಕ್ಷ ಕಟ್ಟಬೇಕು. ಆರು ತಿಂಗಳಿಗೆ ಚೀಟಿ ದುಡ್ಡು ಕೈಗೆ ಬರುತ್ತದೆ, ಅಲ್ಲಿಯವರೆಗೆ ಸಾಗಬೇಕು. ‘ಒಂದೇ ಪರ್ಸೆಂಟ್ ಅಂತೆ ಅಂಕಲ್, ಸಾಲಾನೇ ತಗೊಳ್ಳಲಾ?’ ಎಂದರು. ಅವರ ರಸೀದಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲು ರಸೀದಿ ನೋಡಿ

ಐದು ವರ್ಷದ ತೆರಿಗೆ ಉಳಿತಾಯದ ಎಫ್‌ಡಿ ಆಗಿದ್ದರೆ ಅದನ್ನು ಅಡವಿಡುವಂತಿಲ್ಲ, ನಡುವೆ ಮುರಿಯುವಂತೆಯೂ ಇಲ್ಲ. ಆ ರಸೀದಿಯನ್ನು ಮತ್ತೆ ಬೀರುವಿಗೆ ಸೇರಿಸಿ. ಮಿಕ್ಕ ಎಫ್‌ಡಿಗಳ ಮೇಲೆ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತರವರೆಗೆ ಸಾಲ ಸಿಗುತ್ತದೆ. ಸಾಲದ ಬಡ್ಡಿ ನಿಮ್ಮ ಎಫ್‌ಡಿಯ ದರಕ್ಕಿಂತ ಸುಮಾರು ಒಂದು ಪರ್ಸೆಂಟ್ ಜಾಸ್ತಿ. ಕೆಲವು ಕಡೆ ಎರಡೂ ಉಂಟು, ಕೇಳಿ ಖಾತ್ರಿ ಮಾಡಿಕೊಳ್ಳಿ.

ಮೇಡಂ ಅವರದು 5 ಲಕ್ಷದ ಎಫ್‌ಡಿ, ಮೂರು ವರ್ಷಕ್ಕೆ, 7 ಪರ್ಸೆಂಟ್. ಬಡ್ಡಿ ಕೈಗೆ ಬರದೆ ಮೂರು ತಿಂಗಳಿಗೊಮ್ಮೆ ಅಸಲಿಗೇ ಸೇರುತ್ತದೆ. ಎರಡು ವರ್ಷ ಮುಗಿದಿದೆ, ಇವತ್ತಿನ ಮೌಲ್ಯ ಸುಮಾರು 5,74,400 ರೂಪಾಯಿ. ಸಾಲದ ದರ 8 ಪರ್ಸೆಂಟ್.

ಸಾಲದ ನಿಜವಾದ ಖರ್ಚು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ.

3 ಲಕ್ಷಕ್ಕೆ 8 ಪರ್ಸೆಂಟ್ ಅಂದರೆ ತಿಂಗಳಿಗೆ 2,000 ರೂಪಾಯಿ, ಆರು ತಿಂಗಳಿಗೆ 12,000. ಅದೇ ಆರು ತಿಂಗಳಲ್ಲಿ ಎಫ್‌ಡಿಯಲ್ಲಿ ಕೂತಿರುವ 3 ಲಕ್ಷ ದುಡಿಯುವುದು ಹೆಚ್ಚುಕಡಿಮೆ 10,500. ವ್ಯತ್ಯಾಸ 1,500. ವರ್ಷದ ಲೆಕ್ಕಕ್ಕೆ ಅದು ಸರಿಯಾಗಿ ಒಂದು ಪರ್ಸೆಂಟ್. ಕೌಂಟರಿನಲ್ಲಿ ನಾವು ಇಲ್ಲಿಗೇ ನಿಲ್ಲಿಸುತ್ತಿದ್ದೆವು.

ನಿಲ್ಲಿಸಬಾರದು. ಯಾಕೆಂದರೆ ಆ 10,500 ಪೂರ್ತಿ ನಿಮ್ಮದಲ್ಲ. ಎಫ್‌ಡಿ ಬಡ್ಡಿ ನಿಮ್ಮ ಸಂಬಳದ ಜೊತೆ ಸೇರಿ ತೆರಿಗೆಗೆ ಒಳಪಡುತ್ತದೆ. ಮೇಡಂ ಇರುವುದು 20 ಪರ್ಸೆಂಟಿನ ಹಂತದಲ್ಲಿ. ಸೆಸ್ ಸೇರಿದರೆ 20.8. ಅಂದರೆ 10,500ರಲ್ಲಿ 2,184 ಸರ್ಕಾರಕ್ಕೆ ಹೋಗಿ ಕೈಯಲ್ಲಿ ಉಳಿಯುವುದು 8,316. ಅವರು ಕೊಡುವ 12,000ಕ್ಕೆ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಕಾಲೇಜು ಫೀಗೋ ಮನೆ ಖರ್ಚಿಗೋ ತೆಗೆದ ಸಾಲದ ಬಡ್ಡಿಯನ್ನು ಎಫ್‌ಡಿ ಬಡ್ಡಿಯಿಂದ ಕಳೆಯಲು ಬರುವುದಿಲ್ಲ. ಬಂದ ಬಡ್ಡಿಯಲ್ಲಿ ಸರ್ಕಾರಕ್ಕೆ ಪಾಲುಂಟು, ಕೊಟ್ಟ ಬಡ್ಡಿಯಲ್ಲಿ ಪಾಲಿಲ್ಲ. ಹಾಗಾಗಿ ನಿಜವಾದ ಖರ್ಚು 12,000ದಿಂದ 8,316 ಕಳೆದು 3,684 ರೂಪಾಯಿ. ವರ್ಷದ ಲೆಕ್ಕಕ್ಕೆ ಒಂದಲ್ಲ, ಸುಮಾರು ಎರಡೂವರೆ ಪರ್ಸೆಂಟ್. 30 ಪರ್ಸೆಂಟಿನ ಹಂತದಲ್ಲಿರುವವರಿಗೆ ಇದು 3 ಪರ್ಸೆಂಟ್ ದಾಟುತ್ತದೆ. ತೆರಿಗೆಯೇ ಬೀಳದ ಹಿರಿಯರಿಗೆ ಮಾತ್ರ ಆ ಹಳೇ ‘ಒಂದೇ ಪರ್ಸೆಂಟ್’ ನಿಜ.

‘ತೆರಿಗೆ ಹೇಗೂ ಕಟ್ಟಲೇಬೇಕಲ್ಲ ಅಂಕಲ್, ಸಾಲಕ್ಕೂ ಅದಕ್ಕೂ ಏನು ಸಂಬಂಧ?’ ಎಂದು ಮೇಡಂ ಕೇಳಿದರು. ಸಂಬಂಧ ಇದೆ. ಆ 3 ಲಕ್ಷವನ್ನು ಎಫ್‌ಡಿಯಿಂದ ತೆಗೆದುಬಿಟ್ಟರೆ ಬಡ್ಡಿಯೂ ಇಲ್ಲ, ಅದರ ತೆರಿಗೆಯೂ ಇಲ್ಲ. ಸಾಲ ಮಾಡಿ ಎಫ್‌ಡಿಯನ್ನು ಉಳಿಸಿಕೊಳ್ಳುತ್ತಿರುವುದೇ ಆ ಬಡ್ಡಿಗಾಗಿ. ಅಂದಮೇಲೆ ಕೈಗೆ ಉಳಿಯುವಷ್ಟನ್ನೇ ಲಾಭವೆಂದು ಹಿಡಿಯಬೇಕು. ‘ಟಿಡಿಎಸ್ ಹಿಡಿದಿದ್ದಾರಲ್ಲ, ಮುಗೀತಲ್ಲ’ ಎನ್ನುವವರೂ ಇದ್ದಾರೆ. ಟಿಡಿಎಸ್ ಹಿಡಿಯುವುದು ಹತ್ತು ಪರ್ಸೆಂಟ್ ಮಾತ್ರ. 20ರ ಹಂತದವರು ಮಿಕ್ಕಿದ್ದನ್ನು ರಿಟರ್ನ್ಸ್ ಸಲ್ಲಿಸುವಾಗ ಕಟ್ಟಲೇಬೇಕು. ಅಂಗಡಿಗೋ ವ್ಯಾಪಾರಕ್ಕೋ ಸಾಲ ತೆಗೆದವರ ಕತೆ ಬೇರೆ. ಅವರು ಕೊಟ್ಟ ಬಡ್ಡಿಯನ್ನು ವ್ಯಾಪಾರದ ಖರ್ಚಿನಲ್ಲಿ ತೋರಿಸಬಹುದು. ಅದಕ್ಕೆ ದುಡ್ಡು ಎಲ್ಲಿಗೆ ಹೋಯಿತೆಂಬ ದಾಖಲೆ ಇಟ್ಟುಕೊಳ್ಳಬೇಕು.

ಮುರಿದರೆ ಎಷ್ಟು ಹೋಗುತ್ತದೆ

ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ‘ಅರ್ಧ ಪರ್ಸೆಂಟ್ ದಂಡ’ ಅಂದರೆ ಅಸಲಿನಲ್ಲಿ ಅರ್ಧ ಪರ್ಸೆಂಟ್ ಹಿಡಿಯುತ್ತಾರೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮುರಿದ ದಿನ ಬ್ಯಾಂಕು ಹಿಂದಕ್ಕೆ ಹೋಗಿ, ನೀವು ದುಡ್ಡಿಟ್ಟ ದಿನ ಎರಡು ವರ್ಷದ ಎಫ್‌ಡಿಗೆ ಎಷ್ಟು ದರವಿತ್ತು ಎಂದು ನೋಡುತ್ತದೆ. ಅದರಲ್ಲಿ ದಂಡದ ಅರ್ಧವನ್ನೋ ಒಂದನ್ನೋ ಕಳೆದು, ಮೊದಲ ದಿನದಿಂದಲೂ ಅದೇ ಕಡಿಮೆ ದರದಲ್ಲಿ ಬಡ್ಡಿ ಕೊಡುತ್ತದೆ. ಮೇಡಂ ಇಟ್ಟ ದಿನ ಎರಡು ವರ್ಷಕ್ಕೆ ದರ 6.75 ಇತ್ತು. ಅರ್ಧ ಕಳೆದರೆ 6.25. ಆ ದರದಲ್ಲಿ 5 ಲಕ್ಷ ಎರಡು ವರ್ಷಕ್ಕೆ ಆಗುವುದು ಸುಮಾರು 5,66,000. ಅಂದರೆ 8,400 ರೂಪಾಯಿ ಖೋತಾ. ಬಡ್ಡಿ ಕಡಿಮೆಯಾದಷ್ಟೂ ತೆರಿಗೆ ಕಡಿಮೆಯಾಗುತ್ತದೆ, ಅದನ್ನೂ ಹಿಡಿದರೆ ನಷ್ಟ ಸುಮಾರು 6,650.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಆರು ತಿಂಗಳ ಸಾಲಕ್ಕೆ 3,684, ಮುರಿದರೆ 6,650. ಮೇಡಂ ಸಾಲ ತೆಗೆದರೆ ಸರಿ. ಆದರೆ ಗಮನಿಸಿ, ಮುರಿದ ನಷ್ಟ ಒಂದೇ ಸಲದ್ದು. ಸಾಲದ ಖರ್ಚು ತಿಂಗಳಿಗೆ ಸುಮಾರು 614ರಂತೆ ಬೆಳೆಯುತ್ತ ಹೋಗುತ್ತದೆ. ಹನ್ನೊಂದನೇ ತಿಂಗಳ ಸುಮಾರಿಗೆ ಎರಡೂ ಸಮ. ಇದೇ ಎಫ್‌ಡಿ 30 ಪರ್ಸೆಂಟಿನವರದ್ದಾಗಿದ್ದರೆ ಏಳೂ ಚಿಲ್ಲರೆ ತಿಂಗಳಿಗೇ ಸಮವಾಗುತ್ತಿತ್ತು.

ಇನ್ನೊಂದು ವಿಚಿತ್ರ. ಇದೇ ಎಫ್‌ಡಿ ಎರಡು ವರ್ಷದ್ದಲ್ಲದೆ ಬರೀ ಮೂರು ತಿಂಗಳಿನದಾಗಿದ್ದರೆ? ಅಷ್ಟು ಕಡಿಮೆ ಅವಧಿಗೆ ದರ 5.5 ಎಂದಿಟ್ಟುಕೊಳ್ಳಿ, ಅರ್ಧ ಕಳೆದರೆ 5. ಬಡ್ಡಿ ದರ ಎರಡು ಪರ್ಸೆಂಟ್ ಬಿದ್ದರೂ ಬಿದ್ದದ್ದು ಮೂರು ತಿಂಗಳಿಗೆ ಮಾತ್ರ. ನಷ್ಟ 2,500, ತೆರಿಗೆ ಹಿಡಿದರೆ ಎರಡು ಸಾವಿರದ ಆಸುಪಾಸು. ಆಗ ಮುರಿದು, ಬೇಕಾದ್ದನ್ನು ತೆಗೆದುಕೊಂಡು, ಉಳಿದದ್ದನ್ನು ಮತ್ತೆ ಇಡುವುದೇ ಅಗ್ಗ. ಹಳೇ ಎಫ್‌ಡಿಗೆ ಸಾಲ, ಹೊಸ ಎಫ್‌ಡಿಗೆ ಕತ್ತರಿ ಎಂದು ನಾನು ಹೇಳುವುದು ಇದಕ್ಕೇ. ಜನ ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತಾರೆ. ‘ಹೆಂಗೂ ಎರಡು ವರ್ಷ ಆಯ್ತಲ್ಲ’ ಎಂದು ಹಳೆಯದನ್ನು ಮುರಿದು, ‘ಈಗಿನ್ನೂ ಇಟ್ಟಿದ್ದು’ ಎಂದು ಹೊಸದನ್ನು ಅಡವಿಡುತ್ತಾರೆ.

ಉಳಿದದ್ದನ್ನು ಮತ್ತೆ ಇಡುವಾಗ ಹಳೇ ದರ ಸಿಗುತ್ತದೆಯೇ ಎಂಬುದನ್ನೂ ನೋಡಬೇಕು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರವನ್ನು 6.5ರಿಂದ ಹಂತಹಂತವಾಗಿ 5.25ಕ್ಕೆ ಇಳಿಸಿತು, ಎಫ್‌ಡಿ ದರಗಳೂ ಹಿಂದೆಯೇ ಇಳಿದವು. ಅದಕ್ಕೆ ಮುಂಚೆ ಒಳ್ಳೆಯ ದರಕ್ಕೆ ಕಟ್ಟಿಸಿಕೊಂಡ ಎಫ್‌ಡಿ ಇದ್ದರೆ ಮುರಿಯಲು ಕೈ ಹೋಗಬಾರದು.

ಓವರ್‌ಡ್ರಾಫ್ಟ್ ಕೇಳಿ, ಒಟ್ಟು ಸಾಲ ಬೇಡ

ತೀರ್ಮಾನವಾದ ಮೇಲಿನ ಕೆಲಸ ಸಲೀಸು. ರಸೀದಿಯ ಹಿಂದೆ ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿ, ಜಂಟಿ ಎಫ್‌ಡಿಯಾದರೆ ಇಬ್ಬರದೂ ಸಹಿ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆನ್‌ಲೈನ್‌ನಲ್ಲಾದರೆ ಅದೂ ಇಲ್ಲ.

ಆದರೆ ಕೇಳುವಾಗ ಓವರ್‌ಡ್ರಾಫ್ಟ್, ಅಂದರೆ ‘ಓಡಿ’, ಅಂತಲೇ ಕೇಳಿ. ಡಿಮ್ಯಾಂಡ್ ಲೋನ್ ಎಂದರೆ ಪೂರ್ತಿ ಮೊತ್ತ ಮೊದಲ ದಿನವೇ ನಿಮ್ಮ ತಲೆ ಮೇಲೆ. ಓಡಿಯಲ್ಲಿ ಮಿತಿ ಎಷ್ಟೇ ಇರಲಿ, ಎಳೆದಷ್ಟಕ್ಕೆ, ಎಳೆದಷ್ಟು ದಿನಕ್ಕೆ ಮಾತ್ರ ಬಡ್ಡಿ. ನಡುವೆ 50,000 ಸಿಕ್ಕಿದರೆ ಅದನ್ನು ಉಳಿತಾಯ ಖಾತೆಯಲ್ಲಿ ಕೂರಿಸಬೇಡಿ, ಅವತ್ತೇ ಓಡಿಗೆ ಹಾಕಿ. ಮೊಬೈಲಿನಲ್ಲಿ ಮಾಡುವಾಗ ತೊಂಬತ್ತು ಪರ್ಸೆಂಟನ್ನೂ ಒಂದೇ ಬೆರಳಿಗೆ ಖಾತೆಗೆ ಇಳಿಸಿಕೊಂಡು ಕೂತವರಿದ್ದಾರೆ. ಬೇಕಿದ್ದದ್ದು 3 ಲಕ್ಷ, ಬಡ್ಡಿ ಕಟ್ಟಿದ್ದು 5 ಲಕ್ಷಕ್ಕೆ. ಫಾರಂಗಳ ನಡುವೆ ವಿಮೆಯ ಕಾಗದ ಇಟ್ಟರೆ ವಾಪಸ್ ಕೊಡಿ. ಎಫ್‌ಡಿಯೇ ಅಡವಾಗಿರುವ ಸಾಲಕ್ಕೆ ವಿಮೆ ಯಾತಕ್ಕೆ?

ತಿಂಗಳ 2,000ವನ್ನು ಜೇಬಿನಿಂದಲೇ ಕಟ್ಟಿ. ‘ಎಫ್‌ಡಿ ಬಡ್ಡಿಯಲ್ಲಿ ಸರಿಹೋಗುತ್ತೆ’ ಎಂದು ಬಿಟ್ಟರೆ ಸರಿಹೋಗುವುದಿಲ್ಲ. ಎಫ್‌ಡಿಯ ಬಡ್ಡಿ ಎಫ್‌ಡಿಯೊಳಗೇ ಸೇರುತ್ತಿರುತ್ತದೆ, ಸಾಲದ ಬಡ್ಡಿ ಪ್ರತಿ ತಿಂಗಳೂ ಸಾಲಕ್ಕೆ ಸೇರಿ ಬಡ್ಡಿಗೆ ಬಡ್ಡಿ ಹುಟ್ಟಿಸುತ್ತದೆ. ಸಾಲದ್ದು ಸೇರುವುದು ತಿಂಗಳಿಗೊಮ್ಮೆ, ಎಫ್‌ಡಿಯದು ಮೂರು ತಿಂಗಳಿಗೊಮ್ಮೆ. ಓಟದಲ್ಲಿ ಸಾಲವೇ ಮುಂದೆ.

ತೀರಿಸಿದ ಮೇಲೆ

ಇದರಲ್ಲಿ ನಾನೇ ಸಿಕ್ಕಿಬಿದ್ದವನು. ಕೆಲವು ವರ್ಷದ ಹಿಂದೆ ಒಂದು ಓಡಿ ತೀರಿಸಿದೆ, ಬಾಕಿ ಸೊನ್ನೆ ತೋರಿಸಿತು, ಮರೆತುಬಿಟ್ಟೆ. ಎಫ್‌ಡಿ ಅವಧಿ ಮುಗಿದ ದಿನ ದುಡ್ಡು ಖಾತೆಗೆ ಬರಲಿಲ್ಲ. ಹೋಗಿ ವಿಚಾರಿಸಿದರೆ ಓಡಿ ಖಾತೆ ತೆರೆದೇ ಇದೆ, ಎಫ್‌ಡಿ ಮೇಲಿನ ಲಿಯನ್, ಅಂದರೆ ಸಾಲಕ್ಕಾಗಿ ಬ್ಯಾಂಕು ಹಾಕಿದ ತಡೆ, ಹಾಗೇ ಇದೆ. ಕೌಂಟರಿನ ಹುಡುಗ ‘ಸಾರ್, ನೀವೂ ಬ್ಯಾಂಕಿನಲ್ಲಿದ್ದವರಲ್ವಾ?’ ಎಂದು ನಕ್ಕ. ಮೂರು ದಿನದ ಬಡ್ಡಿಯೂ ಹೋಯಿತು, ಮಾನವೂ ಹೋಯಿತು.

ಬಾಕಿ ಸೊನ್ನೆಯಾಗುವುದು ಬೇರೆ, ಖಾತೆ ಮುಚ್ಚುವುದು ಬೇರೆ. ಕೊನೆಯ ಕಂತು ಹಾಕಿದ ದಿನವೇ ‘ಓಡಿ ಮುಚ್ಚಿ, ಲಿಯನ್ ತೆಗೆಯಿರಿ’ ಎಂದು ಒಂದು ಸಾಲು ಬರೆದು ಕೊಡಿ, ಮೂಲ ರಸೀದಿ ಅವರ ಹತ್ತಿರ ಇದ್ದರೆ ವಾಪಸ್ ಪಡೆಯಿರಿ. ಎಫ್‌ಡಿಯ ವಿವರ ತೆರೆದು ಲಿಯನ್ ಎಂಬಲ್ಲಿ ಸೊನ್ನೆ ಇದೆಯೇ ಎಂದು ಅಲ್ಲೇ ನಿಂತು ನೋಡಿ, ಆಮೇಲೆ ಮೆಟ್ಟಿಲಿಳಿಯಿರಿ. ಚೀಟಿ ದುಡ್ಡು ಬರುವ ವಾರದಲ್ಲಿ ಇದನ್ನೂ ಬರೆದಿಡಿ ಎಂದೆ. ಮೇಡಂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ‘ಲಿಯನ್’ ಎಂದು ಬರೆದುಕೊಂಡರು.