ತೇಲುತ್ತಿದ್ದ ಬಾಟಲಿ ಮೇಜಿನ ಮೇಲೆ ಕೂತದ್ದು ಹೀಗೆ

ಬದಿಯಡ್ಕದ ಅಕ್ಕ ಒಬ್ಬರು ಮನೆಯಲ್ಲೇ ತೆಂಗಿನೆಣ್ಣೆ ಮಾಡಿ ಮಾರುತ್ತಾರೆ. ಅವರ ಗಾಜಿನ ಬಾಟಲಿಯ ಫೋಟೋ ಹಾಕಿ, ಹಲಸಿನ ಮರದ ಮೇಜಿನ ಮೇಲೆ ಇಟ್ಟ ಹಾಗೆ ಎಐ ಟೂಲ್‌ನಲ್ಲಿ ಚಿತ್ರ ಮಾಡಿಸುತ್ತಿದ್ದೆ. "ನೆರಳು ಇರಲಿ" ಅಂತ ಪ್ರಾಂಪ್ಟ್‌ನಲ್ಲಿ ಬರೆದಿದ್ದೆ, ನೆರಳು ಬಂತು ಕೂಡ. ಆದರೂ ಬಾಟಲಿ ತೇಲಿದ ಹಾಗೇ ಕಾಣುತ್ತಿತ್ತು. ಚಿತ್ರವನ್ನು ದೊಡ್ಡದು ಮಾಡಿದಾಗ ಕಾರಣ ಸಿಕ್ಕಿತು. ತಳಕ್ಕೂ ನೆರಳಿಗೂ ನಡುವೆ ಬೆಳಕಿನ ಒಂದು ತೆಳು ಗೆರೆ ಇತ್ತು.

ಬಾಟಲಿಯನ್ನು ಕೂರಿಸುವುದು ಉದ್ದದ ನೆರಳಲ್ಲ, ತಳಕ್ಕೆ ಅಂಟಿಕೊಂಡ ಸಣ್ಣ ಕಪ್ಪು ಗೆರೆ. ಬೆಳಕು ಅಲ್ಲಿಗೆ ನುಗ್ಗುವುದೇ ಕಷ್ಟ ಅಲ್ವಾ? ಹಾಗಾಗಿ ಪ್ರಾಂಪ್ಟ್ ಹೀಗೆ ಬದಲಾಯಿಸಿದೆ:

"ಎಡಗಡೆ ಕಿಟಕಿಯಿಂದ ಮೆದು ಬೆಳಕು. ಬಾಟಲಿಯ ತಳದ ಅಂಚು ಪೂರ್ತಿ ಮರಕ್ಕೆ ತಾಗಿದೆ. ತಾಗಿದಲ್ಲಿ ತೆಳುವಾದ ಗಾಢ ನೆರಳು. ಅಲ್ಲಿಂದ ಬಲಕ್ಕೆ ಚಾಚಿದ ನೆರಳು, ದೂರ ಹೋದಂತೆ ಮಸುಕು. ನೆರಳಿನೊಳಗೆ ಎಣ್ಣೆ ದಾಟಿ ಬಂದ ತಿಳಿ ಹಳದಿ ಬೆಳಕು. ಪಾಲಿಶ್ ಮರದಲ್ಲಿ ಮಸುಕಾದ ಪ್ರತಿಬಿಂಬ, ತಳದಿಂದಲೇ ಶುರು."

ಆ ಹಳದಿ ಬೆಳಕು ನನಗೆ ತುಂಬಾ ಮುಖ್ಯ. ಗಾಜಿನ ನೆರಳು ಬರೀ ಕಪ್ಪಾಗಿ ಬಿದ್ದರೆ ಅದು ಗಾಜು ಅಂತ ಅನಿಸುವುದೇ ಇಲ್ಲ. ಮುರಕಲ್ಲಿನ ಮೇಲೆ ಇಡುವುದಾದರೆ ಪ್ರಾಂಪ್ಟ್‌ನಿಂದ ಪ್ರತಿಬಿಂಬದ ಸಾಲು ತೆಗೆಯಿರಿ, ಒರಟು ಕಲ್ಲಿನಲ್ಲಿ ಅದು ಕಾಣುವುದಿಲ್ಲ.

ಒಂದೊಂದು ಸಲ ಆ ಬೆಳಕಿನ ಗೆರೆ ಆಗಲೂ ಉಳಿಯುತ್ತದೆ. ಆಗ ಫೋಟೋ ಎಡಿಟರ್‌ನಲ್ಲಿ ಕೆಳಗಿನ ಚಿತ್ರವನ್ನು ಗಾಢ ಮಾಡುವ ಮಲ್ಟಿಪ್ಲೈ ಲೇಯರ್ ಹಾಕಿ, ಮರದ್ದೇ ಬಣ್ಣದ ಕಡು ಕಂದು ಬ್ರಷ್‌ನಿಂದ ತಳದ ಸುತ್ತ ತೆಳುವಾಗಿ ಎಳೆಯುತ್ತೇನೆ.